ಮಲಿಕನೋ ಮುಲ್ಕೋ: ವಿಜಯಪುರದ ಕನ್ನಡದಲ್ಲಿ ಅರಬ್ಬಿ ವ್ಯಂಜನಮೂಲದ ಪ್ರಶ್ನೆ

ವಿಜಯಪುರ ನಗರದ ಶೆರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ದೊಡ್ಡ ತೋಪಿಗೆ ಎರಡು ಹೆಸರುಗಳು ರೂಢಿಯಲ್ಲಿವೆ. ಕೆಲವರು ‘ಮಲಿಕ್-ಎ-ಮೈದಾನ್’ ಎನ್ನುತ್ತಾರೆ, ಅಂದರೆ ರಣಭೂಮಿಯ ಒಡೆಯ. ಇನ್ನು ಕೆಲವರು ‘ಮುಲ್ಕ್-ಎ-ಮೈದಾನ್’ ಅಥವಾ ‘ಮುಲುಕ ಮೈದಾನ’ ಎನ್ನುತ್ತಾರೆ. ಶಬ್ದಶಃ ಅರ್ಥ ಮಾಡಿದರೆ ಅದು ಬಯಲಿನ ರಾಜ್ಯ. ಇವೆರಡರಲ್ಲಿ ಒಂದನ್ನು ಅಶುದ್ಧವೆಂದು ತಳ್ಳಿಹಾಕುವುದು ಸುಲಭ. ಆದರೆ ಗೊಂದಲದ ಕಾರಣವನ್ನು ಗಮನಿಸಬೇಕು. ಅರಬ್ಬಿ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಮಲಿಕ್ ಮತ್ತು ಮುಲ್ಕ್ ಎರಡನ್ನೂ ಮೀಮ್, ಲಾಮ್, ಕಾಫ್ ಎಂಬ ಅವೇ ಮೂರು ಅಕ್ಷರಗಳಿಂದ ಬರೆಯುತ್ತಾರೆ. ಯಾವ ಸ್ವರವನ್ನು ತುಂಬಿ ಓದಬೇಕೆಂಬುದನ್ನು ಓದುಗನು ಸಂದರ್ಭದಿಂದ ತಿಳಿಯಬೇಕು. ಕನ್ನಡ ಲಿಪಿಯಲ್ಲಿ ಈ ಅನಿಶ್ಚಯಕ್ಕೆ ಎಡೆಯಿಲ್ಲ. ಪ್ರತಿ ಅಕ್ಷರವೂ ತನ್ನ ಸ್ವರವನ್ನು ಹೊತ್ತೇ ಬರುತ್ತದೆ. ಹಾಗಾಗಿ ಅಲ್ಲಿ ಒಂದೇ ಬರಹವಾಗಿದ್ದುದು ಇಲ್ಲಿ ಎರಡು ಹೆಸರುಗಳಾಯಿತು.

ತೋಪಿನ ಬುಡದಲ್ಲಿ ನಿಂತು ‘ಅಂಗಡಿ ಮಾಲಕ’ ಎಂದು ಮಾತನಾಡುವ ಕನ್ನಡಿಗನಿಗೆ ಆ ಮಾಲಕನೂ ಈ ಮಲಿಕನೂ ಆ ಮುಲ್ಕೂ ಒಂದೇ ಮೂಲದವರೆಂಬುದು ಗೊತ್ತೇ? ಗೊತ್ತಿರುವುದು ಎಂದರೇನು? ಅರಬ್ಬಿ ಮೂಲದ ಎರವಲು ಪದಗಳ ಮೂಲಕ ಕನ್ನಡಕ್ಕೆ, ವಿಶೇಷವಾಗಿ ಆದಿಲ್‌ಶಾಹಿ ಆಳ್ವಿಕೆಯ ಈ ಪ್ರದೇಶದ ಕನ್ನಡಕ್ಕೆ, ವ್ಯಂಜನಮೂಲ ಮತ್ತು ಸ್ವರವಿನ್ಯಾಸಗಳಿಂದ ಪದ ಕಟ್ಟುವ ವಿಧಾನವೂ ಬಂದಿದೆ ಎಂಬ ಮಾತು ಚರ್ಚೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಆಧಾರವಾಗಿ ಬರುವುದು ಬಹುಪಾಲು ಒಂದೇ ಬಗೆಯ ಕೋಷ್ಟಕ: ಎಡಗಡೆ ಮೂರು ವ್ಯಂಜನಗಳು, ಬಲಗಡೆ ಆ ವ್ಯಂಜನಗಳನ್ನುಳ್ಳ ನಾಲ್ಕೈದು ಕನ್ನಡ ಪದಗಳು. ತರಗತಿಯ ಕಪ್ಪುಹಲಗೆಯ ಮೇಲೆ ನಾವೂ ಇಂಥ ಕೋಷ್ಟಕಗಳನ್ನು ಬರೆದವರೇ. ಈಗ ನಮ್ಮ ಆಕ್ಷೇಪವಿರುವುದು ಆ ಕೋಷ್ಟಕದ ಮೇಲೆಯೇ. ಅದು ಅರಬ್ಬಿಯ ವ್ಯಾಕರಣವನ್ನು ತೋರಿಸುತ್ತದೆ. ಕನ್ನಡದ ವ್ಯಾಕರಣವೆಂದು ಅದನ್ನು ಓದಲಾಗದು.

ಮೊದಲು ವಿಧಾನದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳೋಣ. ಅರಬ್ಬಿಯ ಬಹುಪಾಲು ಪದಗಳಲ್ಲಿ ಮೂರು ವ್ಯಂಜನಗಳ ಒಂದು ಅಸ್ಥಿಪಂಜರವು ಸ್ಥೂಲವಾದ ಅರ್ಥವನ್ನು ಹೊರುತ್ತದೆ. ಅದರ ನಡುನಡುವೆ ಬರುವ ಸ್ವರಗಳು, ಕೆಲವೊಮ್ಮೆ ಮುಂದೆ ಸೇರುವ ಮ-, ತ- ಮುಂತಾದ ಧ್ವನಿಗಳು ಕೂಡಿ ಒಂದು ವಿನ್ಯಾಸವಾಗುತ್ತವೆ. ಕರ್ತೃ, ಕರ್ಮ, ಕ್ರಿಯೆಯ ಹೆಸರು, ಬಹುವಚನ ಇವೆಲ್ಲ ಆ ವಿನ್ಯಾಸದ ಕೆಲಸ. 1979ರ ಪ್ರಬಂಧದಲ್ಲಿಯೂ 1981ರ ಲೇಖನದಲ್ಲಿಯೂ ಜಾನ್ ಮೆಕಾರ್ಥಿ ಅವರು ವ್ಯಂಜನಗಳನ್ನು ಒಂದು ಸ್ತರದಲ್ಲಿ, ಸ್ವರಗಳನ್ನು ಇನ್ನೊಂದು ಸ್ತರದಲ್ಲಿ ಇಟ್ಟು, ನಡುವಣ ಚೌಕಟ್ಟಿಗೆ ಅವೆರಡನ್ನೂ ಜೋಡಿಸಿ ತೋರಿಸಿದ ಮೇಲೆ ಈ ಚಿತ್ರವು ನಮ್ಮ ಪಠ್ಯಗಳಲ್ಲೆಲ್ಲ ನೆಲೆನಿಂತಿತು.

ಕನ್ನಡಕ್ಕೆ ಒಳಸ್ವರ ಬದಲಾಗಿ ಪದ ಹುಟ್ಟುವುದು ಹೊಸತೇನಲ್ಲ ಎಂಬ ಪ್ರತಿವಾದವೊಂದುಂಟು. ಕೆಡು–ಕೇಡು, ಪಡು–ಪಾಡು, ಬಿಡು–ಬೀಡು, ಸುಡು–ಸೂಡು ಎಂಬ ಜೋಡಿಗಳನ್ನು ನೋಡಿರಿ ಎನ್ನುತ್ತಾರೆ. ಆದರೆ ಇಲ್ಲಿ ಬದಲಾಗುವುದು ಸ್ವರದ ಮಾತ್ರೆ ಮಾತ್ರ. ಎ ಏ ಆಗುತ್ತದೆ, ಇ ಈ ಆಗುತ್ತದೆ. ಯಾವ ಸ್ವರ ಎಂಬುದನ್ನು ಧಾತುವೇ ನಿರ್ಧರಿಸಿದೆ. ಬಿಡು ಮತ್ತು ಸುಡು ಎರಡಕ್ಕೂ ಒಂದೇ ಸ್ವರವಿನ್ಯಾಸವನ್ನು ಹೊರಗಿನಿಂದ ಹೊದಿಸುವ ಕ್ರಮ ಇಲ್ಲಿಲ್ಲ. ಅರಬ್ಬಿಯಲ್ಲಾದರೋ ಕರ್ತೃವಿನ ವಿನ್ಯಾಸವು ಯಾವ ಮೂಲಕ್ಕೇ ಸೇರಲಿ, ಮೊದಲ ವ್ಯಂಜನದ ಮೇಲೆ ಆ, ಎರಡನೆಯದರ ಮೇಲೆ ಇ ಎಂದು ತನ್ನ ಸ್ವರಗಳನ್ನು ತಾನೇ ತರುತ್ತದೆ: ಮಾಲಿಕ್, ಹಾಜಿರ್, ಹಾಸಿಲ್. ಸಂಸ್ಕೃತದ ಗುಣ, ವೃದ್ಧಿಗಳೂ ಕೆಡು–ಕೇಡು ಪಕ್ಷಕ್ಕೇ ಹತ್ತಿರ. ಆದ್ದರಿಂದ ಅರಬ್ಬಿಯ ವಿಧಾನ ಇಲ್ಲಿ ನೆಲೆಸಿದ್ದರೆ ಅದು ನಿಜವಾಗಿಯೂ ಹೊಸ ಸಂಗತಿಯೇ ಆಗುತ್ತಿತ್ತು. ಅಂಥ ದೊಡ್ಡ ಮಾತಿಗೆ ಪುರಾವೆಯೂ ಅಷ್ಟೇ ಗಟ್ಟಿಯಾಗಿರಬೇಕು.

ಪುರಾವೆಯನ್ನು ಹುಡುಕಲು ತಾಲ್ಲೂಕು ಕಚೇರಿಗಿಂತ ಒಳ್ಳೆಯ ಸ್ಥಳವಿಲ್ಲ. ತಿಕೋಟಾ ಮತ್ತು ಬಬಲೇಶ್ವರ ಇತ್ತೀಚೆಗೆ ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕುಗಳಾದವು. ಕಚೇರಿ ಹೊಸದು, ಮಾತು ಮಾತ್ರ ಹಳೆಯದು. ‘ತಾಲ್ಲೂಕು’ ಎಂಬುದೇ ಐನ್, ಲಾಮ್, ಕ್ವಾಫ್ ಎಂಬ ಮೂಲದ್ದು. ಅಂಟಿಕೊಂಡಿರುವುದು, ಸಂಬಂಧಪಟ್ಟಿರುವುದು ಎಂದು ಆ ಮೂಲದ ಅರ್ಥ. ಅದೇ ಮೂಲದ ಇನ್ನೊಂದು ಪದ ‘ಇಲಾಖೆ’. ಒಂದೇ ವಾಕ್ಯದಲ್ಲಿ ‘ತಾಲ್ಲೂಕಿನ ಕಂದಾಯ ಇಲಾಖೆ’ ಎನ್ನುವಾಗ ಒಂದೇ ಮೂಲವನ್ನು ಎರಡು ಸಲ ಉಚ್ಚರಿಸುತ್ತೇವೆ. ಆದರೆ ಕನ್ನಡದ ಧ್ವನಿಗಳಲ್ಲಿ ಉಳಿದಿರುವುದೇನು? ಐನ್ ಎರಡರಲ್ಲಿಯೂ ಬಿದ್ದುಹೋಗಿದೆ. ಕ್ವಾಫ್ ಒಂದರಲ್ಲಿ ಕ ಆಗಿದೆ, ಇನ್ನೊಂದರಲ್ಲಿ ಖ ಆಗಿದೆ. ತಾಲ್ಲೂಕಿನ ಲಕಾರ ಇಮ್ಮಡಿಸಿದೆ. ಮೂರು ಮೂಲವ್ಯಂಜನಗಳಲ್ಲಿ ಎರಡೂ ಕಡೆ ಸಮಾನವಾಗಿ ಕೇಳುವುದು ಲಕಾರವೊಂದೇ. ಒಂದು ವ್ಯಂಜನದಿಂದ ಮೂಲವನ್ನು ಗುರುತಿಸುವುದು ಯಾವ ಭಾಷಿಕನಿಂದಲೂ ಸಾಧ್ಯವಿಲ್ಲ.

ಆ ಖಕಾರದ ಬಗ್ಗೆ ಒಂದು ಮಾತು. ದಖನಿಯಲ್ಲಿ ಕ್ವಾಫ್ ಧ್ವನಿಯು ಘರ್ಷ ಖಕಾರದೊಡನೆ ಬೆರೆತುಹೋಗಿದೆ. ನಗರದ ದಖನಿ ಮಾತಿನಲ್ಲಿ ಕಾಜಿ ‘ಖಾಜಿ’ ಆಗುವುದು ಇದರಿಂದಲೇ. ಇಲಾಖೆಯ ಖಕಾರ ಆ ದಾರಿಯ ಗುರುತೆಂದು ನಮಗೆ ತೋರುತ್ತದೆ. ಆದರೆ ಮರಾಠಿಯಲ್ಲಿಯೂ ‘ಇಲಾಖಾ’ ಎಂದೇ ಇರುವುದರಿಂದ ಅದು ಕನ್ನಡಕ್ಕೆ ನೇರವಾಗಿ ಬಂತೋ ಮರಾಠಿಯನ್ನು ಹಾಯ್ದು ಬಂತೋ ಎಂಬುದನ್ನು ಧ್ವನಿಯೊಂದರಿಂದಲೇ ತೀರ್ಮಾನಿಸಲಾಗದು. ಈ ಊರಿನ ಮಟ್ಟಿಗೆ ಮರಾಠಿಯನ್ನು ಮರೆಯುವಂತಿಲ್ಲ. ಮೊದಲನೆಯ ಇಬ್ರಾಹಿಂ ಆದಿಲ್ ಶಾಹ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ಸ್ಥಳೀಯ ಭಾಷೆಗೆ ತಿರುಗಿಸಿ ಬ್ರಾಹ್ಮಣ ಕರಣಿಕರಿಗೆ ಒಪ್ಪಿಸಿದನೆಂದು ಫಿರಿಶ್ತಾ ಬರೆದಿದ್ದಾನೆ. ಅನಂತರವೂ 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದ ಭಾಗವಾಗಿಯೇ ಇತ್ತು. ಅರಬ್ಬಿ ಪದಗಳು ಕನ್ನಡದ ಬಾಗಿಲಿಗೆ ಬರುವ ಹೊತ್ತಿಗೆ ಪಾರ್ಸಿ, ದಖನಿ, ಮರಾಠಿ ಎಂಬ ಎರಡು ಮೂರು ಹೊಸ್ತಿಲುಗಳನ್ನು ದಾಟಿದ್ದವು. ಪ್ರತಿ ಹೊಸ್ತಿಲಲ್ಲಿಯೂ ಒಂದಿಷ್ಟು ಧ್ವನಿಗಳನ್ನು ಬಿಟ್ಟುಬಂದವು.

ಇದೇ ಕಚೇರಿಯ ಅಧಿಕಾರಿಯ ಹೆಸರು ಇನ್ನೂ ಸ್ವಾರಸ್ಯದ್ದು. ಹಳೆಯ ಮೈಸೂರಿನಲ್ಲಿ ತಾಲ್ಲೂಕಿನ ಅಧಿಕಾರಿ ಅಮಲ್ದಾರ. ಮುಂಬಯಿ ಕರ್ನಾಟಕದಲ್ಲಿ ಅವನೇ ಮಾಮಲೇದಾರ. ಈಗ ಎಲ್ಲೆಡೆ ತಹಸೀಲ್ದಾರ. ಅಮಲ್ದಾರ ಮತ್ತು ಮಾಮಲೇದಾರ ಎರಡೂ ಐನ್, ಮೀಮ್, ಲಾಮ್ ಎಂಬ ಒಂದೇ ಮೂಲದ ಎರಡು ವಿನ್ಯಾಸಗಳು: ಮೊದಲನೆಯದು ‘ಕೆಲಸ’, ಎರಡನೆಯದು ‘ಪರಸ್ಪರ ವ್ಯವಹಾರ’. ಅದೇ ಮೂಲದ ಕರ್ಮವಿನ್ಯಾಸವೇ ‘ಮಾಮೂಲು’. ಅರಬ್ಬಿಯಲ್ಲಿ ಮಾಡಲ್ಪಟ್ಟದ್ದು, ಇಲ್ಲಿ ರೂಢಿಯಂತೆ ನಡೆಯುವುದು, ಬಳಿಕ ಮೇಜಿನ ಕೆಳಗಿನಿಂದ ಕೊಡುವುದು. ವಿಜಯಪುರದ ಮುದುಕರಿಗೆ ಮಾಮಲೇದಾರ ಎಂಬ ಪದ ನೆನಪಿದೆ, ಮಾಮೂಲು ಎಂಬ ಪದ ಎಲ್ಲರಿಗೂ ಗೊತ್ತಿದೆ. ಆದರೆ ಇವೆರಡನ್ನು ಕೂಡಿಸುವ ಐನ್ ಎಂಬ ಮೊದಲ ಮೂಲವ್ಯಂಜನವೇ ಕನ್ನಡದಲ್ಲಿ ಇಲ್ಲ. ಅದು ಹೋದ ಜಾಗದಲ್ಲಿ ಹಿಂದಿನ ಸ್ವರ ದೀರ್ಘವಾಗಿದೆಯಷ್ಟೆ. ಕನ್ನಡದ ಕಿವಿಗೆ ಕೇಳುವ ಮ-ಮ-ಲ ಎಂಬ ಸಾಲಿನಲ್ಲಿ ಮೊದಲ ಮಕಾರ ವಿನ್ಯಾಸದ್ದು, ಎರಡನೆಯದು ಮೂಲದ್ದು. ಯಾವುದು ಯಾವುದೆಂದು ಹೇಳುವ ಸುಳಿವು ಕನ್ನಡದೊಳಗೆ ಎಲ್ಲಿಯೂ ಇಲ್ಲ.

ಮೂಲವ್ಯಂಜನಗಳು ಕಳೆದುಹೋಗುವುದು ಒಂದು ತೊಂದರೆ. ಬೇರೆ ಬೇರೆಯಾಗಿದ್ದವು ಒಂದಾಗುವುದು ಅದಕ್ಕಿಂತ ದೊಡ್ಡ ತೊಂದರೆ, ಏಕೆಂದರೆ ಅದು ಸುಳ್ಳು ಸಂಬಂಧಗಳನ್ನು ಹುಟ್ಟಿಸುತ್ತದೆ. ಅರಬ್ಬಿಯ ಝಾಲ್, ಝೇ, ಝಾದ್, ಝೋಯ್ ಎಂಬ ನಾಲ್ಕು ಅಕ್ಷರಗಳ ಧ್ವನಿಗಳು ಪಾರ್ಸಿ ಉಚ್ಚಾರದಲ್ಲಿಯೇ ಒಂದಾಗಿದ್ದವು. ಕನ್ನಡದ ರೂಢಿಯ ಉಚ್ಚಾರದಲ್ಲಿ ಅವು ಜೀಮ್ ಅಕ್ಷರದೊಡನೆಯೂ ಸೇರಿ ಜಕಾರವಾದವು. ಈಗ ಹ-ಜ-ರ ಎಂಬ ಸಾಲನ್ನು ತೆಗೆದುಕೊಳ್ಳಿರಿ. ಹಾಜರು, ಹುಜೂರು, ಹಜರತ್, ಮಹಜರು ಇವು ನಾಲ್ಕೂ ನಿಜವಾಗಿ ಒಂದೇ ಮೂಲದವು. ಎದುರಿಗಿರುವುದು ಎಂಬುದು ಅದರ ಅರ್ಥ. ನಾಲ್ಕು ಜನರ ಎದುರಿನಲ್ಲಿ ಬರೆದ ಪತ್ರ ಮಹಜರು. ಇಷ್ಟಕ್ಕೆ ಕೋಷ್ಟಕ ಚೆನ್ನಾಗಿಯೇ ಇದೆ. ಆದರೆ ಕನ್ನಡದ ವ್ಯಂಜನಗಳನ್ನೇ ನಂಬಿ ಹೋದರೆ ‘ಹಿಜರಿ’ ಶಕೆಯೂ ಇದೇ ಸಾಲಿಗೆ ಬರಬೇಕು. ಅದರ ಮೂಲ ಬೇರೆ, ಬಿಟ್ಟುಹೋಗುವುದು ಎಂಬ ಅರ್ಥದ್ದು. ಅದರ ಹಕಾರವೂ ಬೇರೆ, ಜಕಾರವೂ ಬೇರೆ. ದಖನಿಯ ಸಾವಿರ ಎಂಬ ಅರ್ಥದ ‘ಹಜಾರ’ವೂ ಬರಬೇಕು, ಅದು ಪಾರ್ಸಿಯದು, ಮೂಲವ್ಯಂಜನಗಳ ಗೊಡವೆಯೇ ಇಲ್ಲದ ಪದ. ಕೋಷ್ಟಕ ಮಾಡುವವರು ಇವನ್ನು ಬಿಡುತ್ತಾರೆ. ಬಿಡುವುದು ಸರಿಯೇ, ಆದರೆ ಬಿಡುವುದು ಅರಬ್ಬಿ ನಿಘಂಟನ್ನು ನೋಡಿ. ಕನ್ನಡ ಭಾಷಿಕನ ಕೈಯಲ್ಲಿ ಆ ನಿಘಂಟಿಲ್ಲ.

‘ನಜರು’ ಮತ್ತು ‘ನಜರಾಣೆ’ ಇನ್ನೊಂದು ಉದಾಹರಣೆ. ದೊರೆಯ ನಜರಿಗೆ ಬೀಳಲೆಂದು ಕೊಡುವುದು ನಜರಾಣೆ ಎಂದು ಯಾರಾದರೂ ವಿವರಿಸಿದರೆ ತಲೆದೂಗಬೇಕೆನಿಸುತ್ತದೆ. ವಾಸ್ತವದಲ್ಲಿ ನಜರು ಝೋಯ್ ಅಕ್ಷರದ್ದು, ನೋಟ ಎಂಬ ಅರ್ಥದ್ದು. ನಜರಾಣೆ ಝಾಲ್ ಅಕ್ಷರದ್ದು, ಹರಕೆ ಎಂಬ ಅರ್ಥದ ಮೂಲದಿಂದ ಬಂದದ್ದು. ನಜರಿನ ನಿಜವಾದ ನೆಂಟರು ಯಾರೆಂದರೆ ನ್ಯಾಯಾಲಯದ ‘ನಾಜರ’ ಮತ್ತು ಕಚೇರಿಯ ‘ಮಂಜೂರು’: ನೋಡುವವನು ಮತ್ತು ನೋಡಲ್ಪಟ್ಟದ್ದು. ಮಂಜೂರಿನಲ್ಲಿ ಮೂಲದ ನಕಾರ ಅನುಸ್ವಾರವಾಗಿ ಅಡಗಿಬಿಟ್ಟಿರುವುದರಿಂದ ಆ ನೆಂಟಸ್ತನ ಯಾರ ಕಿವಿಗೂ ಬೀಳುವುದಿಲ್ಲ. ಸುಳ್ಳು ಸಂಬಂಧ ಕಾಣುತ್ತದೆ, ನಿಜ ಸಂಬಂಧ ಕಾಣುವುದಿಲ್ಲ. ‘ಕರಾರು’ ಮತ್ತು ‘ತಕರಾರು’ಗಳ ಕಥೆಯೂ ಇದೇ. ಕರಾರು ಮುರಿದಾಗ ತಕರಾರು ಹುಟ್ಟುತ್ತದೆ ಎಂಬುದು ಅನುಭವದ ಮಾತು. ಆದರೆ ಮೊದಲನೆಯದರ ಕಕಾರ ಕ್ವಾಫ್, ನೆಲೆಗೊಳ್ಳುವುದು ಎಂಬ ಮೂಲ. ಎರಡನೆಯದರದು ಕಾಫ್, ಮತ್ತೆ ಮತ್ತೆ ಹೇಳುವುದು ಎಂಬ ಮೂಲ. ಆ ತಕಾರ ಕನ್ನಡಿಗನಿಗೆ ಕರಾರಿನ ಮುಂದೆ ಸೇರಿದ ಒಂದು ಪೂರ್ವಪ್ರತ್ಯಯದಂತೆ ಕೇಳಿದರೆ ಅದು ಅವನ ತಪ್ಪಲ್ಲ. ಅವನ ಭಾಷೆಯ ಧ್ವನಿವ್ಯವಸ್ಥೆಯೇ ಹಾಗೆ ಹೇಳಿಕೊಡುತ್ತದೆ.

ಇಷ್ಟು ವ್ಯಂಜನಗಳ ಪಾಡು. ಸ್ವರವಿನ್ಯಾಸಗಳ ಪಾಡು ಇದಕ್ಕಿಂತ ಕಷ್ಟ. ಕನ್ನಡವು ಪದಾಂತ್ಯದ ವ್ಯಂಜನಸಂಯೋಗವನ್ನು ಸಹಿಸದೆ ನಡುವೆ ಸ್ವರವನ್ನೂ ಕೊನೆಗೆ ಉಕಾರವನ್ನೂ ಸೇರಿಸಿಕೊಳ್ಳುತ್ತದೆ. ನಕ್ಲ್, ಅಸ್ಲ್, ಶಕ್ಲ್ ಎಂಬ ಒಂದು ವಿನ್ಯಾಸದ ಪದಗಳು ನಕಲು, ಅಸಲು, ಶಕಲು ಆದವು. ಖಬರ್, ಅಮಲ್ ಎಂಬ ಇನ್ನೊಂದು ವಿನ್ಯಾಸದವು ಖಬರು, ಅಮಲು ಆದವು. ಎರಡು ವಿನ್ಯಾಸಗಳು ಬೆರೆತು ಒಂದೇ ಆದವು. ಕರ್ತೃವಿನ್ಯಾಸದ ಇಕಾರವೂ ನಿಲ್ಲಲಿಲ್ಲ: ಹಾಜಿರ್ ಎಂಬುದು ಹಾಜರು ಆಯಿತು, ಮಾಲಿಕ್ ಎಂಬುದು ಕೆಲವರ ಬಾಯಲ್ಲಿ ಮಾಲಕ, ಕೆಲವರ ಬರಹದಲ್ಲಿ ಮಾಲೀಕ. ದೀರ್ಘಸ್ವರಗಳು ಮಾತ್ರ ತಕ್ಕಮಟ್ಟಿಗೆ ಉಳಿದವು. ಅದರಿಂದಾಗಿ ಕನ್ನಡದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ವಿನ್ಯಾಸವೆಂದರೆ ಮುಂದೆ ಮಕಾರ, ನಡುವೆ ಊಕಾರ ಇರುವ ಕರ್ಮವಿನ್ಯಾಸ: ಮಹಸೂಲು, ಮಂಜೂರು, ಮಜಕೂರು, ಮಾಮೂಲು, ಮಜಬೂತು.

ವಿನ್ಯಾಸಕ್ಕೆ ಕನ್ನಡದಲ್ಲಿ ಜೀವವಿದೆ ಎನ್ನುವವರಿಗೆ ಇದೇ ಅತ್ಯಂತ ಅನುಕೂಲವಾದ ಸಾಕ್ಷಿ; ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ಅರಬ್ಬಿಯಲ್ಲಿ ಈ ವಿನ್ಯಾಸದ ಅರ್ಥ ಕರ್ಮಣಿ: ಗಳಿಸಲ್ಪಟ್ಟದ್ದು, ನೋಡಲ್ಪಟ್ಟದ್ದು, ಹೇಳಲ್ಪಟ್ಟದ್ದು. ಕನ್ನಡದಲ್ಲಿ ಮಹಸೂಲು ಎಂದರೆ ಕಂದಾಯ, ಮಜಕೂರು ಎಂದರೆ ಪತ್ರದ ಒಕ್ಕಣೆ, ಮಜಬೂತು ಎಂದರೆ ಗಟ್ಟಿಯಾದದ್ದು. ಈ ಐದಕ್ಕೂ ಸಮಾನವಾದ ಕರ್ಮಣಿ ಅರ್ಥ ಯಾವುದೂ ಇಲ್ಲ. ವಾಕ್ಯದಲ್ಲಿ ಇವು ನಡೆದುಕೊಳ್ಳುವ ರೀತಿಯಿಂದಲೂ ಅದೇ ತಿಳಿಯುತ್ತದೆ. ‘ಅವನು ಹಾಜರಾದನು’, ‘ಸಾಲ ಮಂಜೂರಾಯಿತು’ ಎಂಬ ಎರಡು ವಾಕ್ಯಗಳನ್ನು ಎದುರುಬದುರಾಗಿ ಇಟ್ಟು ನೋಡಿರಿ. ಅರಬ್ಬಿಯಲ್ಲಿ ಮೊದಲನೆಯದು ಕರ್ತೃವಿನ್ಯಾಸ, ಎರಡನೆಯದು ಕರ್ಮವಿನ್ಯಾಸ. ಕನ್ನಡದಲ್ಲಿ ಎರಡಕ್ಕೂ ಆಗು ಎಂಬ ಒಂದೇ ಕ್ರಿಯಾಪದ. ಸಕರ್ಮಕ ಬೇಕೆಂದರೆ ಹಾಜರು ಮಾಡು, ಮಂಜೂರು ಮಾಡು. ಅಂದರೆ ಕರ್ತರಿ ಮತ್ತು ಕರ್ಮಣಿಗಳ ಭೇದವನ್ನು ಆಗು, ಮಾಡುಗಳು ವಹಿಸಿಕೊಂಡಿವೆ. ಆ ಸ್ವರವಿನ್ಯಾಸಕ್ಕೆ ಮಾಡಲು ಕೆಲಸವೇ ಉಳಿದಿಲ್ಲ. ಕೆಲಸವಿಲ್ಲದ ಆಕೃತಿಮಾ ಎಂಬುದನ್ನು ಒಪ್ಪುವುದು ಕಷ್ಟ.

ಬಹುವಚನದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಸ್ಥಿತಿ ಎಂಬ ಅರ್ಥದ ಹಾಲ್ ಪದದ ಒಳಸ್ವರ ಬದಲಾಗಿ ಹುಟ್ಟಿದ ಬಹುವಚನ ‘ಅಹವಾಲು’. ಕಚೇರಿಯಲ್ಲಿ ನಾವು ಒಂದು ಅಹವಾಲು ಕೊಡುತ್ತೇವೆ, ಅಧಿಕಾರಿಯು ಅಹವಾಲುಗಳನ್ನು ಸ್ವೀಕರಿಸುತ್ತಾನೆ. ‘ಆಸಾಮಿ’ಯದು ಇನ್ನೂ ಮೋಜು. ಹೆಸರು ಎಂಬ ಅರ್ಥದ ಇಸ್ಮ್ ಪದಕ್ಕೆ ಬಹುವಚನ ಅಸ್ಮಾ, ಆ ಬಹುವಚನಕ್ಕೂ ಬಹುವಚನ ಅಸಾಮೀ. ಕಂದಾಯದ ಪಟ್ಟಿಯಲ್ಲಿ ಬರೆದ ಹೆಸರುಗಳಿಂದ ಇಳಿದು ಬಂದ ಈ ಇಮ್ಮಡಿ ಬಹುವಚನ ಕನ್ನಡದಲ್ಲಿ ಒಬ್ಬನೇ ಮನುಷ್ಯ. ‘ಭಾರೀ ಆಸಾಮಿ’ ಎನ್ನುವವರಾರಿಗೂ ಅಲ್ಲಿ ಎರಡು ಬಹುವಚನಗಳು ಮಲಗಿವೆಯೆಂಬ ಅನುಮಾನವಿರುವುದಿಲ್ಲ.

ಹಾಗಾದರೆ ಕನ್ನಡಿಗರು ಈ ಪದಗಳ ನಡುವೆ ಯಾವ ಹೋಲಿಕೆಯನ್ನೂ ಕಾಣುವುದಿಲ್ಲವೇ? ಕಾಣುತ್ತಾರೆ; ಆದರೆ ಕೋಷ್ಟಕ ಹೇಳುವ ಹೋಲಿಕೆಯನ್ನಲ್ಲ ಎಂಬುದು ನಮ್ಮ ಅಭಿಪ್ರಾಯ. ತಹಸೀಲು, ಮಹಸೂಲು, ಹಳೆಯ ಲೆಕ್ಕದ ಹಾಸಿಲು ಇವು ಹೇ, ಸಾದ್, ಲಾಮ್ ಎಂಬ ಒಂದೇ ಮೂಲದವು. ಧ್ವನಿಯ ದೃಷ್ಟಿಯಿಂದ ಇದು ನಮ್ಮ ಪ್ರದೇಶದ ಅತ್ಯಂತ ಅಚ್ಚುಕಟ್ಟಾದ ಕುಟುಂಬ. ಹ-ಸ-ಲ ಮೂರೂ ಎಲ್ಲದರಲ್ಲಿಯೂ ಉಳಿದಿವೆ. ಅರ್ಥವೂ ಸಮೀಪದಲ್ಲಿಯೇ ಇದೆ: ಮಹಸೂಲನ್ನು ಕೂಡಿಸುವವನೇ ತಹಸೀಲ್ದಾರ. ವ್ಯಂಜನಮೂಲವು ಕನ್ನಡದಲ್ಲಿ ಎಲ್ಲಾದರೂ ಕಾಣುವುದಾದರೆ ಇಲ್ಲಿಯೇ ಕಾಣಬೇಕು. ಆದರೆ ಕಚೇರಿಯ ಮಾತಿನಲ್ಲಿ ಮಹಸೂಲಿಗೆ ಜೊತೆಯಾಗಿ ಬರುವ ಪದ ‘ವಸೂಲಿ’. ಮಹಸೂಲು ವಸೂಲು ಮಾಡು ಎಂಬಲ್ಲಿ ಕಿವಿಗೆ ತಾಕುವುದು ಸೂಲು ಎಂಬ ಅಂತ್ಯಪ್ರಾಸ. ವಸೂಲಿನ ಮೂಲ ಬೇರೆ, ತಲಪುವುದು ಎಂಬ ಅರ್ಥದ್ದು. ಆದರೂ ಪ್ರಾಸ ಮತ್ತು ಅರ್ಥ ಎರಡೂ ಕೂಡಿ ಬಂದಿರುವುದು ಆ ಜೋಡಿಯಲ್ಲಿಯೇ. ಪದವನ್ನು ಅಕ್ಷರ ಅಕ್ಷರವಾಗಿ ಹಿಡಿದು, ಕೊನೆಯ ಅಕ್ಷರಗಳ ಸಾಮ್ಯವನ್ನು ಗುರುತಿಸುವುದು ಕನ್ನಡಕ್ಕೆ ಸಹಜ. ಸ್ವರಗಳನ್ನು ಕಳಚಿ ಚದುರಿದ ಮೂರು ವ್ಯಂಜನಗಳನ್ನು ಕೂಡಿಸುವುದು ಸಹಜವಲ್ಲ.

ಒಂದು ಜೋಡಿ ಮಾತ್ರ ನಮ್ಮನ್ನು ತೊಡಕಿಗೆ ಸಿಕ್ಕಿಸುತ್ತದೆ, ಅದನ್ನು ಮುಚ್ಚಿಡಬಾರದು: ವಕೀಲ ಮತ್ತು ವಕಾಲತ್ತು. ಮೂರು ವ್ಯಂಜನಗಳೂ ಉಳಿದಿವೆ, ಅರ್ಥಸಂಬಂಧ ನಿಚ್ಚಳವಾಗಿದೆ, ನ್ಯಾಯಾಲಯದ ಮೆಟ್ಟಿಲು ಹತ್ತಿದ ರೈತನಿಗೂ ಎರಡೂ ಪದಗಳು ಗೊತ್ತು. ಈಕಾರ ಆಕಾರವಾಗುವುದನ್ನು ಅವನು ಗಮನಿಸದೆ ಇರಲಾರ. ಇಲ್ಲಿ ಸಂಬಂಧವು ಪಾರದರ್ಶಕವೆಂದು ನಾವು ಒಪ್ಪುತ್ತೇವೆ. ಆದರೆ ಪಾರದರ್ಶಕತೆ ಬೇರೆ, ಉತ್ಪಾದಕತೆ ಬೇರೆ. ವಕೀಲನಿಂದ ವಕಾಲತ್ತು ಬಂದಂತೆ ಬೇರೆ ಯಾವ ಪದದಿಂದಲಾದರೂ ಕನ್ನಡಿಗರು ಹೊಸ ಪದ ಮಾಡಿದರೇ? ವೃತ್ತಿಯ ಹೆಸರು ಬೇಕಾದಾಗ ವಕೀಲನಿಗೇ ಅವರು ಇಕಾರ ಹಚ್ಚಿ ‘ವಕೀಲಿ’ ಎಂದರು. ಅದು ಕೊನೆಗೆ ಪ್ರತ್ಯಯ ಸೇರಿಸುವ ಕ್ರಮ.

ಉತ್ಪಾದಕತೆಯ ಪರೀಕ್ಷೆ ಏಕೆ ನಿರ್ಣಾಯಕವೆಂಬುದಕ್ಕೆ ಪಾರ್ಸಿ ಮತ್ತು ಉರ್ದುಗಳೇ ಸಾಕ್ಷಿ. ಪಾರ್ಸಿಯ ನಾಜುಕ್ ಎಂಬುದು ಅರಬ್ಬಿಯ ಪದವಲ್ಲ. ಆದರೂ ಅದರ ಸ್ವರಗಳನ್ನು ಕಳಚಿ, ವಕಾಲತ್ ಎಂಬುದಕ್ಕಿರುವ ವಿನ್ಯಾಸವನ್ನೇ ಹೊದಿಸಿ ‘ನಜಾಕತ್’ ಎಂಬ ಪದವನ್ನು ಮಾಡಿಕೊಂಡರು. ಎಣ್ಣೆ, ತುಪ್ಪ ಎಂಬ ಅರ್ಥದ ಪಾರ್ಸಿಯ ರೌಗನ್ ಪದದಿಂದ ಉರ್ದುವಿನಲ್ಲಿ ‘ಮುರಗ್ಗನ್’, ಅಂದರೆ ತುಪ್ಪ ತೇಲುವ ಊಟ, ಹುಟ್ಟಿತು; ಅದೂ ಅರಬ್ಬಿ ಕರ್ಮವಿನ್ಯಾಸದ ನಕಲು. ಇಂಥವು ಬೆರಳೆಣಿಕೆಯಷ್ಟೇ, ಬಹುಮಟ್ಟಿಗೆ ಅರಬ್ಬಿ ಓದಿದವರ ಸೃಷ್ಟಿಗಳೇ. ಆದರೂ ವಿನ್ಯಾಸವನ್ನು ಪದದಿಂದ ಬಿಡಿಸಿಕೊಳ್ಳಬಲ್ಲ ಭಾಷಿಕರು ಅಲ್ಲಿದ್ದರೆಂಬುದು ಇವುಗಳಿಂದ ಸಿದ್ಧವಾಗುತ್ತದೆ. ಹೀಬ್ರೂ ಭಾಷೆಯು ಟೆಲಿಫೋನ್ ಎಂಬುದರ ವ್ಯಂಜನಗಳನ್ನು ತೆಗೆದು ‘ತಿಲ್ಫೇನ್’ ಎಂಬ ಕ್ರಿಯಾಪದ ಮಾಡಿಕೊಂಡದ್ದು ಇದೇ ವಿಧಾನದ ದಿನಬಳಕೆಯ ರೂಪ. ಕನ್ನಡದಲ್ಲಿ ಒಂದು ದೇಸಿ ಧಾತುವಿಗೋ ಸಂಸ್ಕೃತ ಪದಕ್ಕೋ ಅರಬ್ಬಿ ವಿನ್ಯಾಸವನ್ನು ಹೊದಿಸಿದ ಉದಾಹರಣೆ ನಮಗೆ ದೊರೆತಿಲ್ಲ. ದೊರೆತರೆ ನಮ್ಮ ವಾದ ಬಿದ್ದುಹೋಗುತ್ತದೆ.

ಅದೇ ದಾರಿಯಲ್ಲಿ ಬಂದ ಪಾರ್ಸಿಯ -ದಾರ ಪ್ರತ್ಯಯವನ್ನು ನೋಡಿರಿ. ಜಮೀನುದಾರ, ಹಕ್ಕುದಾರ ಎಂಬ ಎರವಲುಗಳೊಡನೆ ಬಂದದ್ದು ಗುತ್ತಿಗೆದಾರ, ಪಾಲುದಾರ, ತೆರಿಗೆದಾರ, ಹೂಡಿಕೆದಾರ ಎಂದು ಮನೆಯ ಪದಗಳನ್ನೆಲ್ಲ ಹತ್ತಿತು. -ಖೋರ, -ಗಿರಿಗಳೂ ಹೀಗೆಯೇ ಹಬ್ಬಿದವು. ಅಂದರೆ ಕನ್ನಡ ಹೊರಗಿನ ಪದರಚನೆಗೆ ಬಾಗಿಲು ಹಾಕಿಕೊಂಡ ಭಾಷೆಯಲ್ಲ. ಪದದ ಕೊನೆಗೆ ಹಚ್ಚಬಹುದಾದುದನ್ನು ಅದು ಧಾರಾಳವಾಗಿ ತೆಗೆದುಕೊಂಡಿತು; ಪದದೊಳಗೆ ಹೆಣೆಯಬೇಕಾದುದನ್ನು ಬಿಟ್ಟಿತು. ಒಂದೇ ಕಾಲ, ಒಂದೇ ಕಚೇರಿ, ಒಂದೇ ಬಗೆಯ ದ್ವಿಭಾಷಿಕರು; ಫಲ ಮಾತ್ರ ಎರಡು ಬಗೆ. ಸಂಪರ್ಕದ ಅಧ್ಯಯನಕ್ಕೆ ಇದು ಕೋಷ್ಟಕಕ್ಕಿಂತ ಬೆಲೆಯುಳ್ಳ ಸಂಗತಿ.

ಈ ದೃಷ್ಟಿಯಿಂದ 1894ರ ಕಿಟೆಲ್ ನಿಘಂಟು ಇಂಥ ಪದಗಳಿಗೆ ಹಿಂದುಸ್ತಾನಿ, ಮರಾಠಿ ಎಂದು ಸಂಕೇತ ಹಾಕಿ ಸುಮ್ಮನಾದದ್ದನ್ನು ನಾವು ಕೊರತೆ ಎನ್ನಲಾರೆವು. ಅದು ಅರ್ಧದಾರಿಗೆ ನಿಂತ ವ್ಯುತ್ಪತ್ತಿ, ನಿಜ. ಆದರೆ ಪದವು ಕನ್ನಡಕ್ಕೆ ಯಾವ ಬಾಗಿಲಿನಿಂದ ಬಂತೆಂಬುದನ್ನು ಅದು ಹೇಳುತ್ತದೆ. ಬಂದದ್ದು ಇಡಿಯ ಪದ ಎಂಬುದನ್ನೂ ಸೂಚಿಸುತ್ತದೆ. ಅರಬ್ಬಿ ಮೂಲವನ್ನು ನೇರವಾಗಿ ಕೊಡುವ ಕೋಷ್ಟಕ ಆ ಎರಡನ್ನೂ ಮರೆಮಾಡುತ್ತದೆ.

ಇಲ್ಲಿಂದ ಇನ್ನೊಂದು ತುದಿಗೆ ಜಿಗಿಯುವುದೂ ಸಲ್ಲದು. ಅರಬ್ಬಿ, ಹೀಬ್ರೂಗಳಲ್ಲಿಯೇ ವ್ಯಂಜನಮೂಲವೆಂಬುದು ವ್ಯಾಕರಣಕಾರರ ಕಲ್ಪನೆ, ಭಾಷಿಕರು ಇಡಿಯ ಪದದಿಂದಲೇ ಪದ ಕಟ್ಟುತ್ತಾರೆ ಎಂಬ ವಾದವೊಂದಿದೆ; ಹೀಬ್ರೂ ಬಗ್ಗೆ ಔಟಿ ಬತ್-ಎಲ್ ಅವರು 1994ರಲ್ಲಿ ಬರೆದದ್ದು ಇದರ ಪ್ರಬಲ ರೂಪ. ಕನ್ನಡದ ಸಾಮಗ್ರಿ ಈ ವಾದಕ್ಕೆ ಬೆಂಬಲವೆಂದು ಹೇಳುವವರೂ ಇದ್ದಾರು. ಅದು ಸರಿಯಲ್ಲ. ಎರವಲು ಪಡೆದ ಭಾಷೆಯಲ್ಲಿ ಮೂಲ ಕಾಣಿಸದಿರುವುದು ಕೊಟ್ಟ ಭಾಷೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಪ್ರಶ್ನೆಗೆ ಅಲ್ಲಿಯದೇ ಪುರಾವೆ ಬೇಕು. ಅರಬ್ಬಿ ಮತ್ತು ಫ್ರೆಂಚ್ ಬಲ್ಲ ಒಬ್ಬ ಮಾತುನಷ್ಟದ ರೋಗಿಯು ಅರಬ್ಬಿಯಲ್ಲಿ ಮೂಲವ್ಯಂಜನಗಳನ್ನು ಅದಲುಬದಲು ಮಾಡುತ್ತಿದ್ದನು, ಫ್ರೆಂಚಿನಲ್ಲಿ ಹಾಗಾಗುತ್ತಿದ್ದುದು ತೀರ ಕಡಿಮೆ ಎಂದು ಪ್ರುನೆ, ಬೆಲಾಂಡ್ ಮತ್ತು ಇದ್ರಿಸ್ಸಿ 2000ದಲ್ಲಿ ವರದಿ ಮಾಡಿದ್ದಾರೆ. ಅಂಥದು ಪುರಾವೆ.

ನಮ್ಮ ಪ್ರದೇಶದಲ್ಲಿ ಇಂಥ ಪುರಾವೆ ಸಿಗಬಹುದಾದ ಜಾಗವೊಂದಿದೆ. ವಿಜಯಪುರ ನಗರದಲ್ಲಿ ದಖನಿ ಮನೆಮಾತಾಗಿ, ಮದರಸಾದಲ್ಲಿ ಅರಬ್ಬಿ ವ್ಯಾಕರಣ ಕಲಿತು, ಕಚೇರಿ ಮತ್ತು ಸಂತೆಯಲ್ಲಿ ಕನ್ನಡವಾಡುವವರು ಇದ್ದಾರೆ. ಮನೆಮಾತು ದಖನಿಯಾದರೂ ಅರಬ್ಬಿ ವ್ಯಾಕರಣ ಓದದವರು ಇದ್ದಾರೆ. ತಿಕೋಟಾ, ಬಬಲೇಶ್ವರಗಳ ಹಳ್ಳಿಗಳಲ್ಲಿ ಕನ್ನಡವೊಂದನ್ನೇ ಆಡುವವರು ಇದ್ದಾರೆ. ಮೂರು ಗುಂಪಿನವರಿಗೂ ಹಾಜರು ಎಂಬ ಪದವನ್ನು ಕ್ಷಣಮಾತ್ರ ತೋರಿಸಿ ಒಡನೆಯೇ ಮಹಜರು ಎಂಬುದನ್ನು ಓದಿಸಿದರೆ, ಅರಬ್ಬಿ ಭಾಷಿಕರಲ್ಲಿ ಬೂದಲಾ ಮತ್ತು ಮಾರ್ಸ್ಲೆನ್-ವಿಲ್ಸನ್ ಅವರು ಕಂಡ ಬಗೆಯ ವೇಗವರ್ಧನೆ ಮೊದಲ ಗುಂಪಿನಲ್ಲಿ ಮಾತ್ರ ದೊರೆಯಬೇಕೆಂಬುದು ನಮ್ಮ ನಿರೀಕ್ಷೆ. ಎರಡನೆಯ ಗುಂಪು ಯಾವ ಕಡೆಗೆ ವಾಲುವುದೆಂದು ಹೇಳಲು ನಮಗೆ ಧೈರ್ಯವಿಲ್ಲ. ಹಮೀದ, ಅಹಮದ, ಮಹಮೂದ ಎಂದು ಒಂದೇ ಮೂಲದ ಹೆಸರುಗಳನ್ನು ದಿನವೂ ಕರೆಯುವ ಕಿವಿ ವ್ಯಾಕರಣ ಓದದೆಯೂ ಏನನ್ನೋ ಕಲಿತಿರಬಹುದು. ಪ್ರಯೋಗದಲ್ಲಿ ಎಚ್ಚರ ಬೇಕಾದುದು ಪದಗಳ ಆಯ್ಕೆಯಲ್ಲಿ. ತಹಸೀಲ್ದಾರ–ಮಹಸೂಲು ಜೋಡಿಯನ್ನು ಕೊಟ್ಟರೆ ಬರುವ ವೇಗ ವ್ಯಂಜನಗಳದ್ದೋ ಕಚೇರಿಯಲ್ಲಿ ಅವು ಜೊತೆಯಾಗಿ ಕೇಳಿಬರುವುದರದ್ದೋ ಎಂದು ಬೇರ್ಪಡಿಸಲಾಗದು. ಅದಕ್ಕಾಗಿ ಅರ್ಥದಲ್ಲಿ ದೂರ ಸರಿದಿರುವ ಅಮಲು–ಮಾಮೂಲು, ನಜರು–ಮಂಜೂರುಗಳ ಜೊತೆಗೆ, ಸುಳ್ಳು ನೆಂಟರಾದ ಕರಾರು–ತಕರಾರು, ನಜರು–ನಜರಾಣೆಗಳನ್ನೂ ಪಟ್ಟಿಯಲ್ಲಿ ಸೇರಿಸಬೇಕು. ಸುಳ್ಳು ಜೋಡಿಗಳಲ್ಲಿ ವೇಗ ಹೆಚ್ಚಿ, ನಿಜ ಜೋಡಿಗಳಲ್ಲಿ ಹೆಚ್ಚದಿದ್ದರೆ ಮೂರನೆಯ ಗುಂಪಿನ ಮಟ್ಟಿಗೆ ಪ್ರಶ್ನೆ ಇತ್ಯರ್ಥವಾದಂತೆ.